ಕ್ರಿಯಾಪದಕ್ಕೆ ಉಳಿಸಿಟ್ಟ ಉಸಿರು

ಸಾಕ್ಷ್ಯಚಿತ್ರಗಳಿಗೆ ಕನ್ನಡ ನಿರೂಪಣೆ ಬರೆಯುತ್ತಾ ಕಳೆದ ವರ್ಷಗಳನ್ನು ಈಗ ಹಿಂದಿರುಗಿ ನೋಡಿದರೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. ಪದಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯುತ್ತಿತ್ತು, ಉಸಿರಿನ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ರೆಕಾರ್ಡಿಂಗ್ ಕೇಳಿದವರು ‘ಯಾಕೋ ಓದಿದ ಹಾಗಿದೆ, ಮಾತಾಡಿದ ಹಾಗಿಲ್ಲ’ ಎಂದರೆ ಎಲ್ಲರ ಕೈಯೂ ಮೊದಲು ಹೋಗುತ್ತಿದ್ದುದು ಗ್ರಾಂಥಿಕ ಪದಗಳ ಕಡೆಗೆ. ‘ಪ್ರಾರಂಭ’ ತೆಗೆದು ‘ಶುರು’ ಹಾಕುವುದು, ‘ಹೇಳಿದರು’ ಇದ್ದಲ್ಲಿ ‘ಹೇಳಿದ್ರು’ ಮಾಡುವುದು, ‘ಎಂದು’ ಬಿಟ್ಟು ‘ಅಂತ’ ಬರೆಯುವುದು. ಇಷ್ಟೆಲ್ಲ ಆದ ಮೇಲೂ ಅನೇಕ ಸಾಲುಗಳು ಓದಿದ ಹಾಗೆಯೇ ಕೇಳುತ್ತಿದ್ದವು. ಇನ್ನೊಂದು ಕಡೆ, ಹಳೆಯ ಗ್ರಾಂಥಿಕ ಪದಗಳನ್ನೇ ಇಟ್ಟುಕೊಂಡ ಕೆಲವು ಸಾಲುಗಳು ಎದುರು ಕೂತು ಹೇಳಿದಷ್ಟು ಸಹಜವಾಗಿ ಬರುತ್ತಿದ್ದವು. ವ್ಯತ್ಯಾಸ ಪದಗಳಲ್ಲಿ ಇಲ್ಲ ಅನ್ನುವುದು ಇದರಿಂದಲೇ ಗೊತ್ತಾಗಬೇಕಿತ್ತು. ನನ್ನ ವಾದ ಇಷ್ಟು: ಕನ್ನಡದ ನಿರೂಪಣೆ ಸಹಜವಾಗಿ ಕೇಳುವುದು ಕ್ರಿಯಾಪದ ಬರುವ ಹೊತ್ತಿಗೆ ಓದುವವರಲ್ಲಿ ಎಷ್ಟು ಉಸಿರು ಉಳಿದಿದೆ ಅನ್ನುವುದರ ಮೇಲೆ ನಿಂತಿದೆ. ಆ ಉಸಿರನ್ನು ಉಳಿಸಿಕೊಡುವುದು ಬರೆಯುವವರ ಕೆಲಸ.

ಮೊದಲು ಉಸಿರಿನ ಲೆಕ್ಕ. ಸುಮ್ಮನೆ ಕೂತಾಗ ಒಳಗೆಳೆಯುವುದಕ್ಕೂ ಹೊರಬಿಡುವುದಕ್ಕೂ ಹಿಡಿಯುವ ಹೊತ್ತಿನಲ್ಲಿ ಬಹಳ ಅಂತರವಿಲ್ಲ. ಮಾತಾಡುವಾಗ ಹಾಗಲ್ಲ. ಗಬಕ್ಕನೆ ಒಳಗೆಳೆದುಕೊಂಡು, ನಿಧಾನವಾಗಿ ಹೊರಬಿಡುತ್ತೇವೆ. ಆ ಹೊರಹೋಗುವ ಗಾಳಿಯ ಮೇಲೆಯೇ ಮಾತು ಕೂತಿರುತ್ತದೆ. ಸಾಮಾನ್ಯ ಓದಿನಲ್ಲಿ ಒಂದು ಉಸಿರಿನ ಮಾತು ಮೂರರಿಂದ ಐದು ಸೆಕೆಂಡು. ಪುಪ್ಪುಸಗಳು ತಾವಾಗಿಯೇ ಕುಗ್ಗುವ ತನಕ ಮಾತಿಗೆ ಶ್ರಮವಿಲ್ಲ. ಆ ಮಟ್ಟದಿಂದ ಕೆಳಗಿಳಿದ ಮೇಲೂ ಮಾತು ಮುಂದುವರಿಯಬೇಕಾದರೆ ಹೊಟ್ಟೆಯ, ಪಕ್ಕೆಯ ಸ್ನಾಯುಗಳು ಗಾಳಿಯನ್ನು ಹಿಂಡಿ ತೆಗೆಯಬೇಕು. ಆಗ ಗಂಟಲು ಬಿಗಿಯುತ್ತದೆ, ಸ್ವರ ತೆಳ್ಳಗಾಗುತ್ತದೆ, ಓದುವವರು ತಮಗೇ ಗೊತ್ತಿಲ್ಲದೆ ವೇಗ ಹೆಚ್ಚಿಸುತ್ತಾರೆ. ನಿರೂಪಣೆಯ ಹದವಾದ ಓದಿನಲ್ಲಿ ಸೆಕೆಂಡಿಗೆ ಐದಾರು ಅಕ್ಷರ ಎಂದು ಇಟ್ಟುಕೊಂಡರೆ, ಆರಾಮವಾದ ಒಂದು ಉಸಿರಿಗೆ ಇಪ್ಪತ್ತು ಅಕ್ಷರದ ಆಸುಪಾಸು ಬರುತ್ತದೆ. ಇದು ನಾನು ಬರೆಯುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಳತೆ. ಇಂಗ್ಲಿಷಿನಲ್ಲಿ ನಿಮಿಷಕ್ಕೆ ಇಷ್ಟು ಪದ ಎಂದು ಎಣಿಸುವ ರೂಢಿ ನಮಗೆ ಹೊಂದುವುದಿಲ್ಲ. ‘ಮನೆ’ ಒಂದು ಪದ, ‘ಕೈಗೆತ್ತಿಕೊಳ್ಳಬೇಕಾಗಿತ್ತು’ ಕೂಡ ಒಂದೇ ಪದ. ಪ್ರತ್ಯಯದ ಮೇಲೆ ಪ್ರತ್ಯಯ ಸೇರುತ್ತಾ ಹೋಗುವ ಭಾಷೆಯಲ್ಲಿ ಪದದ ಎಣಿಕೆಯಿಂದ ಕಾಲ ಗೊತ್ತಾಗದು.

ಉಸಿರಿನ ಮಿತಿ ಎಲ್ಲ ಭಾಷೆಗೂ ಹೆಚ್ಚುಕಡಿಮೆ ಒಂದೇ. ಕನ್ನಡಕ್ಕೆ ಬೇರೆಯಾಗಿರುವುದು ಉಸಿರು ಮುಗಿಯುವ ಜಾಗದಲ್ಲಿ ನಿಂತಿರುವ ಪದ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಕಾಲ, ಲಿಂಗ, ವಚನ ಎಲ್ಲವೂ ಅದರ ಬಾಲದಲ್ಲಿವೆ. ‘ಇಲ್ಲ’ ಅನ್ನುವ ನಿಷೇಧವೂ ಅಲ್ಲೇ. ಹತ್ತು ಸೆಕೆಂಡು ಕೇಳಿಸಿಕೊಂಡ ಮೇಲೂ ಕೆಲಸ ಆಯಿತೋ ಇಲ್ಲವೋ ಅನ್ನುವುದು ಕೇಳುಗನಿಗೆ ಗೊತ್ತಾಗಬೇಕಾದರೆ ಕೊನೆಯ ಎರಡು ಅಕ್ಷರಕ್ಕೆ ಕಾಯಬೇಕು. ಓದುವವರಲ್ಲಿ ಗಾಳಿ ತೀರುವುದೂ ಸರಿಯಾಗಿ ಆ ಎರಡು ಅಕ್ಷರಕ್ಕೇ. ‘ಬಂದರು’, ‘ಬಂದರೆ’, ‘ಬಂದರೂ’ ಈ ಮೂರನ್ನೂ ಬೇರೆ ಮಾಡುವುದು ಒಂದು ಕೊನೆಯ ಸ್ವರ ಮಾತ್ರ. ಅದು ನುಂಗಿಹೋದರೆ ಬಂದದ್ದು, ಬರಬಹುದಾದದ್ದು, ಬಂದರೂ ಪ್ರಯೋಜನವಾಗದ್ದು ಮೂರೂ ಒಂದಾಗುತ್ತವೆ. ಮೈಕು ಹತ್ತಿರವಿದ್ದರೆ ಇದು ಮುಚ್ಚಿಹೋಗುತ್ತದೆ ಎಂದುಕೊಳ್ಳಬಾರದು, ಹಿನ್ನೆಲೆ ಸಂಗೀತ ಸೇರಿದ ಮೇಲೆ ಮೊದಲು ಮುಳುಗುವುದು ಈ ಬಾಲವೇ. ಕಂಪ್ಯೂಟರಿನ ಪರದೆಯ ಮೇಲೆ ಧ್ವನಿಯ ಅಲೆಯನ್ನು ನೋಡಿದರೂ ಇದು ಕಣ್ಣಿಗೆ ಬೀಳುತ್ತದೆ. ಸಾಲಿನ ಮೊದಲರ್ಧ ದಪ್ಪಗಿದ್ದು ಕೊನೆ ನೂಲಿನಂತೆ ಸಣ್ಣಗಾಗಿದ್ದರೆ, ಆ ಸಾಲು ಉಸಿರಿಗಿಂತ ಉದ್ದವಾಗಿತ್ತು ಎಂದೇ ತಿಳಿಯಬೇಕು.

ಹಾಗಾದರೆ ನಡುವೆ ಎಲ್ಲಾದರೂ ಉಸಿರು ತೆಗೆದುಕೊಂಡರಾಯಿತಲ್ಲ ಎನ್ನಬಹುದು. ಇಲ್ಲಿಯೇ ವಿಷಯ ಸೂಕ್ಷ್ಮವಾಗುವುದು. ಕನ್ನಡ ವಾಕ್ಯದಲ್ಲಿ ಉಸಿರು ತೆಗೆಯಬಹುದಾದ ಕೀಲುಗಳಿವೆ, ತೆಗೆಯಬಾರದ ಕೀಲುಗಳೂ ಇವೆ. ‘ಹಗ್ಗ ಬಿಗಿದು, ಕಲ್ಲು ಎತ್ತಿ, ಗೋಡೆಗೆ ಕೂರಿಸುತ್ತಾರೆ’ ಎಂಬ ಸಾಲನ್ನು ತೆಗೆದುಕೊಳ್ಳಿ. ‘ಬಿಗಿದು’ ಆದ ಮೇಲೆ, ‘ಎತ್ತಿ’ ಆದ ಮೇಲೆ ಎಷ್ಟು ಹೊತ್ತು ನಿಂತರೂ ಕೇಳುವವನು ಮುಂದಿನದಕ್ಕೆ ಕಾಯುತ್ತಾನೆ. ಅರ್ಥ ಕೆಡುವುದಿಲ್ಲ. ಅದೇ ‘ಹಗ್ಗ ಬಿಗಿದ ಕಲ್ಲನ್ನು ಎತ್ತಿದ ಕೆಲಸಗಾರ’ ಎಂದು ಬರೆದರೆ ‘ಬಿಗಿದ’ ಆದ ಮೇಲೆ ನಿಲ್ಲುವ ಹಾಗಿಲ್ಲ. ಅದು ಮುಂದಿನ ನಾಮಪದಕ್ಕೆ ಅಂಟಿಕೊಂಡಿದೆ. ಅದಕ್ಕಿಂತ ಕೆಟ್ಟ ಸಂಗತಿ ಎಂದರೆ, ‘ಎತ್ತಿದ’, ‘ಬಂದ’, ‘ಕಟ್ಟಿಸಿದ’ ಇವೆಲ್ಲ ವಿಶೇಷಣದಂತೆ ನಾಮಪದದ ಹಿಂದೆ ಬರುವ ಕೃದಂತಗಳೂ ಹೌದು, ‘ಅವನು ಎತ್ತಿದ’ ಎನ್ನುವ ಪೂರ್ಣ ಕ್ರಿಯಾಪದಗಳೂ ಹೌದು. ಬರಹದಲ್ಲಿ ಕಣ್ಣು ಮುಂದೆ ಓಡಿ ನೋಡುವುದರಿಂದ ತೊಡಕಾಗುವುದಿಲ್ಲ. ಕಿವಿಗೆ ಮುಂದೆ ಓಡುವ ಸೌಕರ್ಯವಿಲ್ಲ. ‘ಈ ಕೆರೆಯನ್ನು ಕಟ್ಟಿಸಿದ ಪಾಳೆಯಗಾರನ ಹೆಸರು ಊರಿನವರ ಬಾಯಲ್ಲಿ ಇನ್ನೂ ಉಳಿದಿದೆ’ ಎಂಬ ಸಾಲಿನಲ್ಲಿ ‘ಕಟ್ಟಿಸಿದ’ ಆದ ಕೂಡಲೇ ಓದುವವರು ಉಸಿರೆಳೆದುಕೊಂಡರೆ, ಯಾರೋ ಒಬ್ಬ ಕೆರೆ ಕಟ್ಟಿಸಿದ, ವಾಕ್ಯ ಮುಗಿಯಿತು ಎಂದು ಕಿವಿ ತೀರ್ಮಾನ ಮಾಡಿಬಿಡುತ್ತದೆ. ಆಮೇಲೆ ಬರುವ ಪಾಳೆಯಗಾರನನ್ನು ಎಲ್ಲಿ ಕೂರಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಆ ಗಲಿಬಿಲಿ ಅರೆಕ್ಷಣದ್ದು. ಆದರೆ ಚಿತ್ರ ನಿಲ್ಲುವುದಿಲ್ಲವಲ್ಲ, ಅಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತದೆ.

ಷಷ್ಠಿಯ ಸರಪಳಿಯೂ ಹೀಗೆಯೇ. ‘ಸಂಸ್ಥಾನದ ದಿವಾನರ ಕಾಲದ ಯೋಜನೆಯ’ ಎಂದು ಹೋಗುವ ಸಾಲಿನಲ್ಲಿ ಕೊನೆಯ ನಾಮಪದ ಸಿಗುವ ತನಕ ಬಿಡುವಿಲ್ಲ. ‘ಅಲ್ಲಿ’, ‘ಇಂದ’, ‘ಗೆ’ ವಿಭಕ್ತಿಗಳು, ‘ಆದರೆ’, ‘ಆದ ಮೇಲೆ’, ‘ಎಂದು’ ಮುಂತಾದವು, ‘ಮಾಡಿ’, ‘ಹೋಗಿ’, ‘ತೆರೆದು’ ಎಂಬ ಭೂತ ನ್ಯೂನಗಳು ಇವು ಬಿಡುವು ಕೊಡುತ್ತವೆ. ಬರೆದಾದ ಮೇಲೆ ಪ್ರತಿ ಸಾಲಿನಲ್ಲೂ ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಎಷ್ಟು ದೂರ ಎಂದು ನೋಡಿದರೆ, ಎಲ್ಲಿ ರೆಕಾರ್ಡಿಂಗ್ ಕೆಡುತ್ತದೆ ಎಂದು ಸ್ಟುಡಿಯೋಗೆ ಹೋಗುವ ಮೊದಲೇ ಹೇಳಬಹುದು. ವಿಚಿತ್ರವೆಂದರೆ ನಾವು ಅಲ್ಪವಿರಾಮ ಹಾಕುವ ಅಭ್ಯಾಸ ಇದಕ್ಕೆ ತದ್ವಿರುದ್ಧವಾಗಿದೆ. ‘ಕೈಗೆತ್ತಿಕೊಳ್ಳಲಾದ, ನಿರ್ಮಿಸಲಾದ, ಉದ್ಘಾಟಿಸಲಾದ’ ಎಂದು ಕೃದಂತಗಳ ನಡುವೆ ಅಲ್ಪವಿರಾಮ ಇಡುತ್ತೇವೆ. ಅದು ಉಸಿರಿಗೆ ಅತ್ಯಂತ ಕೆಟ್ಟ ಜಾಗ. ಓದುವವರು ಪಾಪ ಅದನ್ನು ನಂಬಿ ಅಲ್ಲೇ ನಿಲ್ಲುತ್ತಾರೆ.

ಒಂದು ಸಾಲನ್ನು ಪೂರ್ತಿ ಬಿಚ್ಚಿ ನೋಡೋಣ. ಸರ್ಕಾರಿ ಸಾಕ್ಷ್ಯಚಿತ್ರಗಳ ಧಾಟಿಯಲ್ಲಿ ನಾನೇ ಹೊಸೆದ ಸಾಲು ಇದು: ‘ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಳ್ಳಲಾದ, ಕಾವೇರಿ ನದಿಯ ಶಿವನಸಮುದ್ರ ಜಲಪಾತದ ಬಳಿ ನಿರ್ಮಿಸಲಾದ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ ಸುಮಾರು 147 ಕಿ.ಮೀ. ದೂರದಲ್ಲಿರುವ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಪೂರೈಸಲಾಯಿತು.’ ವ್ಯಾಕರಣದಲ್ಲಿ ತಪ್ಪಿಲ್ಲ, ಸಂಗತಿಯಲ್ಲೂ ತಪ್ಪಿಲ್ಲ. ಕಾಗದದ ಮೇಲೆ ಇಪ್ಪತ್ತನಾಲ್ಕೇ ಪದ. ಬಾಯಿಗೆ ಬಂದಾಗ 1902 ಎಂಬ ನಾಲ್ಕು ಅಂಕಿ ‘ಸಾವಿರದ ಒಂಬೈನೂರ ಎರಡರಲ್ಲಿ’ ಎಂದು ಹದಿಮೂರು ಅಕ್ಷರವಾಗುತ್ತದೆ, 147 ಏಳಾಗುತ್ತದೆ, ‘ಕಿ.ಮೀ.’ ಬಿಚ್ಚಿಕೊಳ್ಳುತ್ತದೆ. ಬಾಯಿಯ ಲೆಕ್ಕದಲ್ಲಿ ಒಟ್ಟು ನೂರೆಂಟು ಅಕ್ಷರ. ಅಷ್ಟೋತ್ತರವೇ ಸರಿ! ಹದವಾದ ಓದಿಗೆ ಇಪ್ಪತ್ತು ಸೆಕೆಂಡು, ಅಂದರೆ ನಾಲ್ಕೈದು ಉಸಿರು. ಆ ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು? ಅಲ್ಪವಿರಾಮ ಇರುವುದು ‘ಕೈಗೆತ್ತಿಕೊಳ್ಳಲಾದ’ ಆದ ಮೇಲೆ, ಅದು ಕೃದಂತ, ನಿಲ್ಲುವಂತಿಲ್ಲ. ಅದಕ್ಕೂ ಮುಂಚೆ ‘ಕಾಲದಲ್ಲಿ’ ಎಂಬಲ್ಲಿ ನಿಂತರೆ ಕೀಲು ಒಳ್ಳೆಯದೇ, ಆದರೆ ಅರ್ಥ ಜಾರುತ್ತದೆ. ನಿಂತು ಹೋದ ‘ಕಾಲದಲ್ಲಿ’ ಎಂಬುದನ್ನು ಕಿವಿ ಕೊನೆಯ ‘ಪೂರೈಸಲಾಯಿತು’ ಎಂಬುದಕ್ಕೆ ಜೋಡಿಸಿಕೊಳ್ಳುತ್ತದೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದುದು 1883ರಿಂದ 1901ರ ತನಕ. ಅವರು ತೀರಿಕೊಂಡದ್ದೂ 1901ರಲ್ಲೇ. ಕೋಲಾರಕ್ಕೆ ವಿದ್ಯುತ್ ಹೋದದ್ದು ಮರುವರ್ಷ. ಸರಿಯಾಗಿ ಬರೆದ ಸಾಲು ತಪ್ಪಾದ ಜಾಗದ ಒಂದು ಉಸಿರಿನಿಂದ ಸುಳ್ಳು ಹೇಳಿಬಿಡುತ್ತದೆ. ನಿಜವಾಗಿ ನಿಲ್ಲಬಹುದಾದ ಮೊದಲ ಜಾಗ ‘ಕೇಂದ್ರದಿಂದ’, ಅದು ಐವತ್ಮೂರನೇ ಅಕ್ಷರ, ಹತ್ತಿರಹತ್ತಿರ ಹತ್ತು ಸೆಕೆಂಡಿನ ಆಚೆ.

ಇದನ್ನೇ ಉಸಿರಿನ ಅಳತೆಗೆ ತಂದರೆ ಹೀಗಾಗಬಹುದು: ‘ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಾಳೆ. ಆ ನೀರಿನ ರಭಸದಿಂದ ವಿದ್ಯುತ್ ತೆಗೆಯಬೇಕು ಅನ್ನೋದು, ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ. ಸಾವಿರದ ಒಂಬೈನೂರ ಎರಡರಲ್ಲಿ ಕೇಂದ್ರ ಶುರುವಾಯಿತು. ಮೊದಲ ವಿದ್ಯುತ್ ಹೋಗಿದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ. ಹೆಚ್ಚುಕಡಿಮೆ ನೂರೈವತ್ತು ಕಿಲೋಮೀಟರ್ ಆಚೆ, ಕೋಲಾರದ ಚಿನ್ನದ ಗಣಿಗೆ.’ ಒಂದೊಂದು ಉಸಿರಿಗೆ ಬೀಳುವ ಅಕ್ಷರಗಳು ಹದಿನಾರು, ಹತ್ತೊಂಬತ್ತು, ಹದಿಮೂರು, ಇಪ್ಪತ್ತು, ಇಪ್ಪತ್ತು, ಇಪ್ಪತ್ತೈದು. ಕೊನೆಯದಕ್ಕೆ ‘ಆಚೆ’ ಎಂಬಲ್ಲಿ ಬೇಕಿದ್ದರೆ ನಿಲ್ಲುವ ಅವಕಾಶವಿದೆ. ಒಟ್ಟು ನೂರಹದಿಮೂರು. ಅಂದರೆ ಮೊದಲಿನದಕ್ಕಿಂತ ಐದಕ್ಷರ ಜಾಸ್ತಿಯೇ ಆಯಿತು. ಸಾಲು ಚಿಕ್ಕದಾದದ್ದರಿಂದ ಸಹಜವಾಯಿತು ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ಚಿಕ್ಕದಾಗಿಲ್ಲ, ನಿಲ್ಲುವ ಜಾಗಗಳು ಬದಲಾದವು, ಅಷ್ಟೆ. ನೂರೆಂಟು ಅಕ್ಷರ ಕಾದು ಸಿಗುತ್ತಿದ್ದ ಒಂದೇ ಒಂದು ಪೂರ್ಣ ಕ್ರಿಯಾಪದದ ಬದಲು ಪ್ರತಿ ಉಸಿರಿನ ಕೊನೆಗೂ ಕಿವಿ ಹಿಡಿದುಕೊಳ್ಳಬಹುದಾದ ಏನೋ ಒಂದು ಸಿಗುತ್ತದೆ. 147 ಎಂಬ ಅಂಕಿಯನ್ನು ‘ಹೆಚ್ಚುಕಡಿಮೆ ನೂರೈವತ್ತು’ ಎಂದದ್ದಕ್ಕೆ ಚರಿತ್ರೆಯವರು ಮುಖ ಸಿಂಡರಿಸಬಹುದು. ಮೂಲ ಸಾಲಿನಲ್ಲೂ ‘ಸುಮಾರು’ ಇತ್ತು ಅನ್ನುವುದನ್ನು ಅವರಿಗೆ ನೆನಪಿಸಬೇಕು. ‘ಸುಮಾರು’ ಎಂದು ಹೇಳಿ ಏಳನ್ನು ಬಿಡದೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಈ ತಿದ್ದುಪಡಿಯಲ್ಲಿ ಹೆಚ್ಚು ಕೆಲಸ ಮಾಡಿದ್ದು ‘ಹೋಗಿದ್ದು’ ಎಂಬ ರೂಪ. ಕನ್ನಡದ ಆಡುಮಾತಿನಲ್ಲಿ ಇದು ದಿನವೂ ಕೇಳಿಬರುತ್ತದೆ. ‘ನಾನು ನಿನ್ನೆ ಮಾರ್ಕೆಟ್ಟಿಗೆ ಹೋದೆ’ ಅನ್ನುವ ಜಾಗದಲ್ಲಿ ‘ನಿನ್ನೆ ನಾನು ಹೋಗಿದ್ದು ಮಾರ್ಕೆಟ್ಟಿಗೆ’ ಅನ್ನುತ್ತೇವೆ. ಕ್ರಿಯೆ ಮೊದಲೇ ಬಂದುಬಿಡುತ್ತದೆ, ಕೇಳುವವನ ಕಾಯುವಿಕೆ ಅರ್ಧ ಮುಗಿಯುತ್ತದೆ, ಒತ್ತು ಬೀಳಬೇಕಾದ ಹೆಸರು ಕೊನೆಯಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಉಸಿರಿನ ದೃಷ್ಟಿಯಿಂದ ಇದರ ಲಾಭ ದೊಡ್ಡದು. ಸಾಲಿನ ಕೊನೆಗೆ ಗಾಳಿ ಸ್ವಲ್ಪ ಕಡಿಮೆಯಾದರೂ ಕೊನೆಯ ಪದ ‘ಗಣಿಗೆ’ ಎಂಬಂಥ ನಾಮಪದವಾದ್ದರಿಂದ ಅದನ್ನು ಓದುವವರು ತಾವಾಗಿಯೇ ಎತ್ತಿ ಹೇಳುತ್ತಾರೆ. ‘ಪೂರೈಸಲಾಯಿತು’ ಎಂಬುದನ್ನು ಎತ್ತಿ ಹೇಳುವ ಓದುಗಾರರನ್ನು ನಾನು ಇನ್ನೂ ಕಂಡಿಲ್ಲ. ಕರ್ಮಣಿ ಪ್ರಯೋಗ ಕನ್ನಡದ ಬಾಯಿಗೆ ಎಂದೂ ಪೂರ್ತಿ ಒಗ್ಗಿದ್ದಲ್ಲ. ಇಲಾಖೆಯ ಕಡತದಿಂದ ಸ್ಕ್ರಿಪ್ಟಿಗೆ ಬಂದು ಕೂತದ್ದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ಹೀಗೆ ತುಂಡು ತುಂಡು ಮಾಡುತ್ತಾ ಹೋದರೆ ನಿರೂಪಣೆ ಮಗ್ಗಿ ಒಪ್ಪಿಸಿದ ಹಾಗಾಗುವುದಿಲ್ಲವೇ? ಆಗುತ್ತದೆ. ಕನ್ನಡದಲ್ಲಂತೂ ಬೇಗ ಆಗುತ್ತದೆ, ಏಕೆಂದರೆ ಹೆಚ್ಚಿನ ವಾಕ್ಯಗಳು ಕ್ರಿಯಾಪದದಲ್ಲಿ ಮುಗಿಯುವುದರಿಂದ ಚಿಕ್ಕ ವಾಕ್ಯಗಳ ಸಾಲಿನಲ್ಲಿ ‘ಇದೆ, ಇದೆ, ಇದೆ’ ಅಥವಾ ‘ತ್ತದೆ, ತ್ತದೆ, ತ್ತದೆ’ ಎಂಬ ಬೇಡದ ಅಂತ್ಯಪ್ರಾಸ ಹುಟ್ಟಿಕೊಳ್ಳುತ್ತದೆ. ‘ಇಲ್ಲಿ ಒಂದು ಕೋಟೆ ಇದೆ. ಕೋಟೆಗೆ ಏಳು ಬಾಗಿಲು ಇದೆ. ಒಳಗೆ ಒಂದು ಕೊಳ ಇದೆ.’ ಇದು ಉಸಿರಿಗೆ ಸುಲಭ, ಕಿವಿಗೆ ಶಿಕ್ಷೆ. ಆದರೆ ಉಸಿರಿನ ಅಳತೆಯೂ ವಾಕ್ಯದ ಅಳತೆಯೂ ಒಂದೇ ಎಂದು ಭಾವಿಸಿದರೆ ಮಾತ್ರ ಈ ಆಕ್ಷೇಪ ನಿಲ್ಲುತ್ತದೆ. ಕೀಲುಗಳು ಸರಿಯಾಗಿದ್ದರೆ ಒಂದು ವಾಕ್ಯ ಮೂರು ಉಸಿರು ಹೋಗಬಹುದು: ‘ಏಳು ಬಾಗಿಲು ದಾಟಿ, ಕಡಿದಾದ ಮೆಟ್ಟಿಲು ಹತ್ತಿ ಬಂದರೆ, ನೆತ್ತಿಯ ಮೇಲೊಂದು ಕೊಳ.’ ಕೊನೆಯಲ್ಲಿ ಕ್ರಿಯಾಪದವೇ ಇಲ್ಲದ ನಾಮವಾಕ್ಯ ಕನ್ನಡಕ್ಕೆ ಸಹಜ. ಅದನ್ನು ಬಿಟ್ಟು ‘ಕೊಳ ಇರುವುದನ್ನು ಕಾಣಬಹುದಾಗಿದೆ’ ಎಂದು ಎಳೆಯುವ ಅಗತ್ಯವಿಲ್ಲ. ನಾಮವಾಕ್ಯ, ‘ಹೋಗಿದ್ದು’ ಮಾದರಿ, ಆಗೊಂದು ಈಗೊಂದು ಪ್ರಶ್ನೆ, ‘ಇ’ಕಾರದ ಕೀಲಿರುವ ಉದ್ದ ವಾಕ್ಯ ಇವನ್ನು ಬೆರೆಸಿದರೆ ಅಂತ್ಯಪ್ರಾಸ ತಾನಾಗಿ ಮುರಿಯುತ್ತದೆ.

ಉದ್ದಗಿಡ್ಡ ಬೆರೆಸುವ ಈ ವಿದ್ಯೆ ನಮಗೆ ಹೊಸದೇನಲ್ಲ. ಭಾಮಿನಿ ಷಟ್ಪದಿಯನ್ನು ನೋಡಿ. ಒಂದು, ಎರಡು, ನಾಲ್ಕು, ಐದನೇ ಸಾಲುಗಳು ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳಿಂದಾದ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೇ ಸಾಲುಗಳು ಅದರ ಒಂದೂವರೆ ಪಟ್ಟು, ಕೊನೆಗೊಂದು ಗುರು, ಒಟ್ಟು ಇಪ್ಪತ್ತಮೂರು ಮಾತ್ರೆ. ಗಿಡ್ಡ, ಗಿಡ್ಡ, ಉದ್ದ. ಉದ್ದ ಸಾಲಿನ ಕೊನೆಗೆ ಧ್ವನಿ ಊರಿ ನಿಲ್ಲಲು ಒಂದು ಗುರು. ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಇದೇ ಅಳತೆಯಲ್ಲಿ ಹೇಳಿದ್ದಾನೆ, ಶತಮಾನಗಳಿಂದ ಗಮಕಿಗಳು ಅದನ್ನು ಗಟ್ಟಿಯಾಗಿ ಓದುತ್ತಾ ಬಂದಿದ್ದಾರೆ. ನಿರೂಪಣೆಯನ್ನು ಷಟ್ಪದಿಯಲ್ಲಿ ಬರೆಯಬೇಕೆಂದು ನಾನು ಹೇಳುತ್ತಿಲ್ಲ, ಹಾಗೆ ಮಾಡಿದರೆ ಎರಡನೇ ನಿಮಿಷಕ್ಕೆ ಜನ ಎದ್ದುಹೋಗುತ್ತಾರೆ. ಮಾತ್ರೆಯ ಎಣಿಕೆಯಿಂದ ಇನ್ನೊಂದು ಉಪಯೋಗವಿದೆ. ಅಕ್ಷರಕ್ಕಿಂತ ಅದು ಕಾಲವನ್ನು ನಿಜವಾಗಿ ಅಳೆಯುತ್ತದೆ. ‘ಹೇಳಿದರು’ ಎಂಬುದು ನಾಲ್ಕು ಅಕ್ಷರ, ಐದು ಮಾತ್ರೆ. ಅದನ್ನು ‘ಹೇಳಿದ್ರು’ ಮಾಡಿದರೆ ಅಕ್ಷರ ಮೂರಾಗುತ್ತದೆ, ಆದರೆ ಒತ್ತಕ್ಷರದ ಹಿಂದಿನ ‘ಳಿ’ ಗುರುವಾಗುವುದರಿಂದ ಮಾತ್ರೆ ಐದೇ ಉಳಿಯುತ್ತದೆ. ‘ಮಾಡುತ್ತಾರೆ’ ಏಳು ಮಾತ್ರೆ, ‘ಮಾಡ್ತಾರೆ’ ಐದು, ಇಲ್ಲಿ ಉಳಿತಾಯವಿದೆ. ಗ್ರಾಂಥಿಕ ಪದಗಳನ್ನೆಲ್ಲ ಆಡುಮಾತಿನ ರೂಪಕ್ಕೆ ತಂದ ಮೇಲೂ ಸಾಲು ಯಾಕೆ ಹಗುರಾಗಲಿಲ್ಲ ಅನ್ನುವುದಕ್ಕೆ ಕಾರಣ ಇದೇ. ಎಷ್ಟೋ ಕಡೆ ಕಾಲ ಸ್ವಲ್ಪವೂ ಉಳಿದಿರುವುದಿಲ್ಲ, ಕೀಲುಗಳು ಮೊದಲಿದ್ದಲ್ಲೇ ಇರುತ್ತವೆ.

ಇನ್ನೊಂದು ಆಕ್ಷೇಪ ಕಲಾವಿದರ ಕಡೆಯಿಂದಲೇ ಬರುತ್ತದೆ. ಪಳಗಿದ ಧ್ವನಿ ಎಂಥ ಸಾಲನ್ನಾದರೂ ದಡ ಸೇರಿಸುತ್ತದೆ, ಅದಕ್ಕೆ ತಾನೆ ತಾಲೀಮು ಎಂದು. ನಿಜ, ಆಳವಾಗಿ ಉಸಿರೆಳೆದುಕೊಂಡರೆ ಹತ್ತು ಹನ್ನೆರಡು ಸೆಕೆಂಡು ಎಳೆಯುವುದು ಪಳಗಿದವರಿಗೆ ಕಷ್ಟವಲ್ಲ. ತಾಳಮದ್ದಳೆಯ ಅರ್ಥಧಾರಿಗಳು ಇನ್ನೂ ಉದ್ದದ ವಾಕ್ಯಗಳನ್ನು ಸಲೀಸಾಗಿ ಕಟ್ಟುತ್ತಾರೆ. ಆದರೆ ಅರ್ಥಧಾರಿ ತನ್ನ ಮಾತನ್ನು ತಾನೇ ಅಲ್ಲಿಯೇ ಕಟ್ಟುತ್ತಿರುತ್ತಾನೆ. ಅವನ ಉಸಿರಿಗೆ ತಕ್ಕಂತೆ ಅವನ ವಾಕ್ಯ ತಿರುಗುತ್ತದೆ, ಎದುರಿನ ಮುಖ ನೋಡಿ ಬೇಕಾದ ಪದವನ್ನು ಮತ್ತೊಮ್ಮೆ ಹೇಳುತ್ತಾನೆ. ವಾಯ್ಸ್‌ಓವರ್ ಓದುವವರಿಗೆ ಈ ಎರಡೂ ಸ್ವಾತಂತ್ರ್ಯಗಳಿಲ್ಲ. ಬೇರೊಬ್ಬರ ವಾಕ್ಯ, ಎದುರಿಗೆ ಗಾಜು. ಅದಕ್ಕಿಂತ ಮುಖ್ಯವಾಗಿ, ಮಿತಿ ಇರುವುದು ಓದುವವರ ಪುಪ್ಪುಸಕ್ಕೆ ಮಾತ್ರವಲ್ಲ. ಕೇಳುವವರೂ ಮಾತನ್ನು ತುಂಡುತುಂಡಾಗಿಯೇ ಹಿಡಿದುಕೊಳ್ಳುತ್ತಾರೆ, ಆ ತುಂಡು ಎಲ್ಲಿ ಮುಗಿಯಿತೆಂದು ತಿಳಿಯುವುದು ನಿಲುಗಡೆಯಿಂದ, ಸ್ವರ ಇಳಿದು ಮತ್ತೆ ಏರುವುದರಿಂದ. ಹನ್ನೆರಡು ಸೆಕೆಂಡು ನಿಲ್ಲದೆ ಬಂದ ಸಾಲನ್ನು ಕಂಡು ಓದಿದವರ ಸಾಮರ್ಥ್ಯಕ್ಕೆ ಬೆರಗಾಗಬಹುದು. ವಿಷಯ ತಲೆಗೆ ಹೋಗಿರುವುದಿಲ್ಲ.

ಕಂಪ್ಯೂಟರ್ ಬಂದ ಮೇಲೆ ಮೂರನೇ ಆಕ್ಷೇಪ ಹುಟ್ಟಿತು: ಉಸಿರಿನ ಸದ್ದನ್ನು ಎಡಿಟರ್ ಕತ್ತರಿಸಿ ಬಿಸಾಡುತ್ತಾರೆ, ಸಾಲನ್ನು ಎರಡು ತುಂಡಾಗಿ ರೆಕಾರ್ಡ್ ಮಾಡಿ ಅಂಟಿಸುತ್ತಾರೆ, ಈ ಲೆಕ್ಕಾಚಾರವೆಲ್ಲ ಯಾಕೆ? ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದ ಕಾಲದಲ್ಲಿ ಪ್ರತಿ ಅಂಟಿಗೂ ಶ್ರಮವಿದ್ದುದರಿಂದ ಸಾಲು ಒಂದೇ ಓಟಕ್ಕೆ ಬರುವಂತೆ ತಿದ್ದಿಕೊಳ್ಳುವ ಒತ್ತಡ ತಾನಾಗಿ ಇತ್ತು. ಈಗ ಆ ಒತ್ತಡ ಹೋಗಿದೆ, ಅಷ್ಟರಮಟ್ಟಿಗೆ ಬರವಣಿಗೆ ಸಡಿಲವಾಗಿದೆ ಎಂದು ನನಗನ್ನಿಸುತ್ತದೆ. ಕತ್ತರಿಯಿಂದ ತೆಗೆಯಬಹುದಾದದ್ದು ಉಸಿರಿನ ಸದ್ದನ್ನು ಮಾತ್ರ. ‘ಕಟ್ಟಿಸಿದ’ ಎಂಬಲ್ಲಿ ಉಸಿರೆಳೆದುಕೊಂಡವರ ಸ್ವರ ಅದಕ್ಕೂ ಮೊದಲೇ ಇಳಿದಿರುತ್ತದೆ, ಮುಂದಿನ ‘ಪಾಳೆಯಗಾರನ’ ಹೊಸ ಎತ್ತರದಿಂದ ಶುರುವಾಗಿರುತ್ತದೆ. ನಡುವಿನ ಸದ್ದು ತೆಗೆದು ಎರಡನ್ನೂ ಹತ್ತಿರ ತಂದರೆ ಆ ಮೆಟ್ಟಿಲು ಇನ್ನಷ್ಟು ಎದ್ದು ಕಾಣುತ್ತದೆ. ನುಂಗಿಹೋದ ಕೊನೆಯ ಸ್ವರವನ್ನು ಯಾವ ತಂತ್ರಾಂಶದಿಂದ ಎತ್ತಿದರೂ ಅದರ ಜೊತೆಗೆ ಕೋಣೆಯ ಸದ್ದೂ ಏಳುತ್ತದೆ. ಎಲ್ಲ ಉಸಿರನ್ನೂ ಪೂರ್ತಿ ಅಳಿಸಿದ ಓದು ಮನುಷ್ಯರದ್ದು ಅನ್ನಿಸುವುದೇ ಇಲ್ಲ. ಒಳ್ಳೆಯ ಎಡಿಟರುಗಳು ಉಸಿರನ್ನು ತಗ್ಗಿಸುತ್ತಾರೆ, ತೆಗೆಯುವುದಿಲ್ಲ.

ಯಾರ ಆಡುಮಾತು ಎಂಬ ಪ್ರಶ್ನೆಯೂ ಇದೆ. ಮೈಸೂರಿನ ‘ಮಾಡ್ತಾರೆ’ ಧಾರವಾಡದಲ್ಲಿ ‘ಮಾಡ್ತಾರ’, ನಡೆಯುತ್ತಿರುವ ಕೆಲಸವಾದರೆ ‘ಮಾಡಾಕತ್ತಾರ’. ಕ್ರಿಯಾಪದಗಳ ಉದ್ದ ಊರಿನಿಂದ ಊರಿಗೆ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಅಕ್ಷರದ ಲೆಕ್ಕವೂ. ಆದರೆ ‘ಮಾಡಿ’ ಆದ ಮೇಲೆ ನಿಲ್ಲಬಹುದು, ‘ಮಾಡಿದ’ ಆದ ಮೇಲೆ ನಿಲ್ಲಬಾರದು ಎಂಬುದು ಬೀದರಿನಿಂದ ಮಡಿಕೇರಿಯ ತನಕ ಒಂದೇ. ಹಾಗಾಗಿ ಪ್ರಾದೇಶಿಕ ರೂಪವನ್ನು ಓದುವವರ ನಾಲಿಗೆಗೆ ಬಿಟ್ಟು, ಕೀಲುಗಳನ್ನು ಮಾತ್ರ ಬರೆಯುವವರು ಕಾಯ್ದುಕೊಂಡರೆ ಸಾಕು. ‘ಹೇಳಿದರು’ ಎಂದು ಬರೆದುಕೊಟ್ಟರೂ ಬಾಯಿ ಪಳಗಿದವರು ತಮ್ಮ ಊರಿನ ಹದಕ್ಕೆ ಅದನ್ನು ತಂದುಕೊಳ್ಳುತ್ತಾರೆ. ಕೃದಂತದ ಸರಪಳಿಯನ್ನು ಹಾಗೆ ಅವರು ಮೈಕಿನ ಮುಂದೆ ಬಿಚ್ಚಿಕೊಳ್ಳಲಾರರು.

ಈ ವಾದಕ್ಕೆ ನಿಜವಾದ ಮಿತಿ ಇರುವುದು ಕಾಲದಲ್ಲಿ. ನಿಲುಗಡೆಗಳಿಗೆ ಜಾಗ ಬೇಕು. ಶಿವನಸಮುದ್ರದ ಸಾಲಿಗೆ ತಿದ್ದಿದ ಮೇಲೆ ಐದು ನಿಲುಗಡೆ, ಒಂದೊಂದಕ್ಕೆ ಅರ್ಧ ಸೆಕೆಂಡು ಎಂದರೂ ಎರಡೂವರೆ ಸೆಕೆಂಡು ಹೆಚ್ಚಾಗುತ್ತದೆ. ಹಿಂದಿಯಿಂದಲೋ ಇಂಗ್ಲಿಷಿನಿಂದಲೋ ಬಂದ ಚಿತ್ರಕ್ಕೆ ಕನ್ನಡ ಹೊಂದಿಸುವಾಗ ಆ ಎರಡೂವರೆ ಸೆಕೆಂಡು ಎಲ್ಲಿಯೂ ಸಿಗುವುದಿಲ್ಲ. ಆಗ ಸ್ಟುಡಿಯೋಗಳಲ್ಲಿ ಮಾಡುವುದು ಒಂದೇ ಕೆಲಸ, ‘ಸ್ವಲ್ಪ ಸ್ಪೀಡಾಗಿ ಓದಿ’ ಎನ್ನುವುದು. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಬಿಡಬೇಕಾದದ್ದು ಮಾಹಿತಿ. ಪರದೆಯ ಮೇಲೆ ಜಲಪಾತ ಕಾಣುತ್ತಿದ್ದರೆ ‘ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಾಳೆ’ ಎಂದು ಹೇಳುವ ಅಗತ್ಯವಿಲ್ಲ. ಆ ಹದಿನಾರು ಅಕ್ಷರ ತೆಗೆದು, ಮುಂದಿನ ಸಾಲಿನ ‘ಆ ನೀರಿನ’ ಎಂಬಲ್ಲಿ ‘ಶಿವನಸಮುದ್ರದ’ ಎಂದು ಸೇರಿಸಿಕೊಂಡರೆ ನಿಲುಗಡೆಗಳಿಗೆ ಬೇಕಾದ ಕಾಲದ ಬಹುಭಾಗ ಸಿಕ್ಕಿತು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ಗೊತ್ತಿರುವುದು ಬರೆದವರಿಗೆ. ಓದುವವರಿಗೂ ಎಂಜಿನಿಯರಿಗೂ ಆ ಅಧಿಕಾರವಿಲ್ಲ, ಕೊಡುವುದೂ ಸರಿಯಲ್ಲ. ಆದರೆ ನಮ್ಮಲ್ಲಿ ಬರೆದವರ ಕೆಲಸ ಸ್ಕ್ರಿಪ್ಟು ಮಂಜೂರಾದ ದಿನವೇ ಮುಗಿಯಿತು ಎಂದು ಲೆಕ್ಕ, ರೆಕಾರ್ಡಿಂಗಿಗೆ ಅವರನ್ನು ಕರೆಯುವ ಪದ್ಧತಿಯೇ ಅಪರೂಪ. ಸಾಕ್ಷ್ಯಚಿತ್ರ ಮಾಡಿಸುವವರಲ್ಲಿ, ಅದು ಇಲಾಖೆಯಾಗಲಿ ಖಾಸಗಿಯವರಾಗಲಿ, ನನ್ನ ಕೋರಿಕೆ ಇಷ್ಟೇ: ಮಂಜೂರಾದ ಸ್ಕ್ರಿಪ್ಟಿನಲ್ಲಿ ಸಂಗತಿ ಕೆಡದಂತೆ ಸಾಲು ಮುರಿಯುವ, ಪದ ಬಿಡುವ ಅಧಿಕಾರವನ್ನು ಬರೆದವರಿಗೆ ಕೊಡಿ, ರೆಕಾರ್ಡಿಂಗ್ ದಿನ 10 ಗಂಟೆಗೆ ಶುರುವಾಗುವುದಾದರೆ 9 ಗಂಟೆಗೆ ಬರೆದವರನ್ನೂ ಓದುವವರನ್ನೂ ಒಟ್ಟಿಗೆ ಕೂರಿಸಿ ಒಂದು ಸಲ ಗಟ್ಟಿಯಾಗಿ ಓದಿಸಿ, ಆ ಒಂದು ಗಂಟೆಯ ಸಂಭಾವನೆಯನ್ನು ಬಜೆಟ್ಟಿನಲ್ಲಿ ಮೊದಲೇ ಬರೆದಿಡಿ.